ಪ್ಲಾನಿನೊಳಗೊಂದು ಪ್ಲಾನು

ಹೋದ ತಿಂಗಳು ಒಂದು ಭಾನುವಾರ ಜೆ.ಪಿ. ನಗರದ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಮೂರನೇ ಕ್ಲಾಸಿನ ಅಳಿಯನಿಗೆ ಮರಳಿನ ಗುಡ್ಡೆ ಹತ್ತುವುದೇ ಕೆಲಸ, ನನಗೆ ಅವನನ್ನು ಕಾಯುವುದೇ ಕೆಲಸ. ಮೇಸ್ತ್ರಿ ತಗಡಿನ ಶೆಡ್ಡಿನ ಗೋಡೆಗೆ ಮನೆಯ ಪ್ಲಾನನ್ನು ಅಂಟಿಸಿದ್ದರು. ಹುಡುಗ ಅದನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದ:

"ಮಾಮ, ಇದ್ರಲ್ಲಿ ಸೈಟಲ್ಲಿರೋದೆಲ್ಲ ಬರ್ದಿದಾರಾ?"

"ಹೂಂ."

"ಹಂಗಾದ್ರೆ ಈ ಹಾಳೆನೂ ಬರೀಬೇಕಲ್ವಾ? ಇದೂ ಸೈಟಲ್ಲೇ ಇದೆ."

ನಾನು ನಕ್ಕೆ. ಆಮೇಲೆ ನಗು ನಿಂತಿತು. ಹಾಳೆಯಲ್ಲಿ ಹಾಳೆಯ ಚಿತ್ರ ಬರೆದರೆ ಆ ಚಿತ್ರದೊಳಗೂ ಇನ್ನೊಂದು ಹಾಳೆ ಇರಬೇಕು, ಅದರೊಳಗೆ ಮತ್ತೊಂದು... ಕಟಿಂಗ್ ಶಾಪಿನ ಎದುರುಬದುರು ಕನ್ನಡಿಗಳ ಹಾಗೆ ಮುಗಿಯುವುದೇ ಇಲ್ಲ. "ಹಾಗೆಲ್ಲ ಆಗಲ್ಲ ಕಣೋ" ಅಂದುಬಿಟ್ಟೆ. ಸಂಜೆ ಬನಶಂಕರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ, ನಾನು ಹೇಳಿದ್ದು ತಪ್ಪು! ಆಗುತ್ತದೆ. ಅದು ಆಗುತ್ತದೆ ಅಂತ 1938ರಲ್ಲೇ ಒಬ್ಬರು ಸಾಧಿಸಿ ತೋರಿಸಿದ್ದಾರೆ, ನಾನೇ ಇಂಜಿನಿಯರಿಂಗ್‌ನಲ್ಲಿ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕಿ ಬಂದಿದ್ದೇನೆ. ಅದರ ಹೆಸರು ರಿಕರ್ಷನ್ ಥಿಯರಂ. ಅರ್ಥವಾಗದೇ ಅಂಕ ಬಂದಿದ್ದರ ಪ್ರಾಯಶ್ಚಿತ್ತ ಈ ಬರಹ :)

ಮೊದಲು ಕನ್ನಡದಲ್ಲೇ ಒಂದು ಪ್ರಯೋಗ ಮಾಡೋಣ. ಒಂದು ಆಜ್ಞೆ ಬೇಕು. ಅದನ್ನು ಹೇಳಿದ ಹಾಗೆ ಪಾಲಿಸಿದರೆ ಕಾಗದದ ಮೇಲೆ ಅದೇ ಆಜ್ಞೆ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಮೂಡಬೇಕು. "ಈ ವಾಕ್ಯವನ್ನು ಬರೆ" ಅನ್ನಬಹುದಲ್ಲ ಅಂತೀರಿ. ಅದು ಮೋಸ. ಅಲ್ಲಿ ಎಲ್ಲ ಕೆಲಸವನ್ನೂ "ಈ" ಅನ್ನುವ ಒಂದಕ್ಷರ ಮಾಡುತ್ತಿದೆ, ಓದುವವನು ಕಣ್ಣು ಹಿಂದಕ್ಕೆ ಹೊರಳಿಸಿ ವಾಕ್ಯವನ್ನು ನೋಡಿಕೊಳ್ಳುತ್ತಾನೆ. ಯಂತ್ರಕ್ಕೆ ಹಾಗೆ ಹಿಂತಿರುಗಿ ತನ್ನನ್ನು ನೋಡಿಕೊಳ್ಳುವ ಕಣ್ಣಿಲ್ಲ. "ಈ", "ನಾನು", "ತನ್ನ" ಯಾವುದೂ ಇಲ್ಲದೆ ಹೇಳಬೇಕು. ನೋಡಿ:

“ಎಂಬುದನ್ನು ಮೊದಲು ಉದ್ಧರಣ ಚಿಹ್ನೆಯೊಳಗೆ, ಆಮೇಲೆ ಚಿಹ್ನೆಯಿಲ್ಲದೆ ಬರೆ” ಎಂಬುದನ್ನು ಮೊದಲು ಉದ್ಧರಣ ಚಿಹ್ನೆಯೊಳಗೆ, ಆಮೇಲೆ ಚಿಹ್ನೆಯಿಲ್ಲದೆ ಬರೆ

ಪೆನ್ನು ಹಿಡಿದು ನಿಜವಾಗಿ ಪಾಲಿಸಿ ನೋಡಿ. ಚಿಹ್ನೆಯೊಳಗೆ ಇರುವುದನ್ನು ಮೊದಲು ಚಿಹ್ನೆಯ ಸಮೇತ ಬರೆಯುತ್ತೀರಿ, ಆಮೇಲೆ ಬರಿದಾಗಿ ಇನ್ನೊಂದು ಸಲ. ಬಂದಿದ್ದು ಏನು? ಮೇಲಿನ ಸಾಲೇ! ಅದು ಎಲ್ಲಿಯೂ ತನ್ನ ಕಡೆಗೆ ಬೆರಳು ತೋರಿಸಿಕೊಂಡಿಲ್ಲ. ಅದು ಮಾತಾಡುತ್ತಿರುವುದು ತನ್ನ ಅರ್ಧದ ಬಗ್ಗೆ ಮಾತ್ರ.

ಇಂಥದನ್ನು ತತ್ತ್ವಶಾಸ್ತ್ರಜ್ಞ ಕ್ವೈನ್ 1962ರಲ್ಲಿ ವಿರೋಧಾಭಾಸಗಳ ಬಗ್ಗೆ ಬರೆದ ಪ್ರಬಂಧವೊಂದರಲ್ಲಿ ಇಂಗ್ಲಿಷಿನಲ್ಲಿ ಮಾಡಿದ್ದರು. ಇಂಗ್ಲಿಷಿನಲ್ಲಿ ಉದ್ಧರಣೆಯನ್ನು ಮುಂದೆ ತಂದು ನಿಲ್ಲಿಸಲು ವಾಕ್ಯವನ್ನು ಸ್ವಲ್ಪ ತಿರುಚಬೇಕು. ನಮಗೆ ಆ ತೊಂದರೆಯೇ ಇಲ್ಲ. "ಎಂಬುದು", "ಅಂತ" ಎಲ್ಲ ಮಾತಿನ ಹಿಂದೆಯೇ ಬಂದು ಕೂರುತ್ತವೆ, ಕ್ರಿಯಾಪದ ಎಲ್ಲಕ್ಕಿಂತ ಕೊನೆಗೆ. ಕನ್ನಡ ಈ ಆಟಕ್ಕೆ ಹೇಳಿ ಮಾಡಿಸಿದ ಭಾಷೆ. ತನ್ನನ್ನು ತಾನೇ ಮುದ್ರಿಸಿಕೊಳ್ಳುವ ಪ್ರೋಗ್ರಾಮಿಗೆ "ಕ್ವೈನ್" ಅಂತ ಈಗಿರುವ ಹೆಸರು ಇವರದೇ. ಇಟ್ಟವರು ಡಗ್ಲಸ್ ಹಾಫ್‌ಸ್ಟಾಡ್ಟರ್, 1979ರ ತಮ್ಮ ಪುಸ್ತಕದಲ್ಲಿ.

ಅಂದ ಹಾಗೆ, ಒಂದು ಭಾಷೆ ತನ್ನ ವಿವರಣೆಯನ್ನು ತನ್ನಲ್ಲೇ ಇಟ್ಟುಕೊಳ್ಳುವುದು ನಮಗೆ ಹೊಸದೇನಲ್ಲ. ನಾಗವರ್ಮನ ಕರ್ಣಾಟಕ ಭಾಷಾಭೂಷಣ ಕನ್ನಡದ ವ್ಯಾಕರಣವೇ, ಆದರೆ ಸೂತ್ರಗಳು ಸಂಸ್ಕೃತದಲ್ಲಿವೆ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣವನ್ನು ಕನ್ನಡದಲ್ಲೇ, ಕಂದಪದ್ಯಗಳಲ್ಲಿ ಬರೆದ. ಅಂದರೆ ಆ ಸೂತ್ರಗಳು ತಾವೇ ಹೇಳುವ ನಿಯಮಕ್ಕೆ ತಾವೂ ಒಳಪಟ್ಟಿವೆ. ವಿವರಣೆಯೂ ವಿವರಿಸಲ್ಪಟ್ಟ ವಸ್ತುವೂ ಒಂದೇ ಸರಕಿನಿಂದ ಆಗಿದ್ದರೆ ಮಾತ್ರ ನಮ್ಮ ಕಥೆ ಶುರುವಾಗುತ್ತದೆ. ಮನೆ ಇಟ್ಟಿಗೆಯದು, ಪ್ಲಾನು ಕಾಗದದ್ದು. ಪ್ರೋಗ್ರಾಮು ಮಾತ್ರ ಎರಡೂ ಕಡೆ ಅಕ್ಷರವೇ.

ಗಣಿತದಲ್ಲಿ ಈ "ಒಂದೇ ಸರಕು" ಬಂದಿದ್ದು 1931ರಲ್ಲಿ. ಗೋಡೆಲ್ ಗಣಿತದ ವಾಕ್ಯಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟರು, ಸಂಖ್ಯೆಗಳ ಬಗ್ಗೆ ಮಾತಾಡುವ ವಾಕ್ಯ ವಾಕ್ಯಗಳ ಬಗ್ಗೆಯೂ ಮಾತಾಡುವಂತಾಯಿತು. 1936ರಲ್ಲಿ ಟ್ಯೂರಿಂಗ್ ಅದನ್ನೇ ಯಂತ್ರಗಳಿಗೆ ಮಾಡಿದರು: ಪ್ರತಿ ಯಂತ್ರದ ವಿವರಣೆಯನ್ನೂ ಟೇಪಿನ ಮೇಲೆ ಬರೆಯಬಹುದು, ಇನ್ನೊಂದು ಯಂತ್ರ ಅದನ್ನು ಓದಿ ನಡೆಸಬಹುದು. ಎರಡು ವರ್ಷ ಬಿಟ್ಟು, 1938ರಲ್ಲಿ, ಸ್ಟೀಫನ್ ಕ್ಲೀನಿ ಎಂಬ ಅಮೆರಿಕನ್ ಗಣಿತಜ್ಞ ಒಂದು ಲೇಖನ ಬರೆದರು. ಅದರ ವಿಷಯವೇ ಬೇರೆ, ಅನಂತದಾಚೆಗಿನ ಕ್ರಮಸಂಖ್ಯೆಗಳಿಗೆ ಹೆಸರಿಡುವುದು ಹೇಗೆ ಅಂತ. ಅದರ ಮಧ್ಯೆ ಬೇಕಾಯಿತು ಅಂತ ಕೆಲವೇ ಸಾಲುಗಳಲ್ಲಿ ಒಂದು ಪ್ರಮೇಯ ಸಾಧಿಸಿ ಮುಂದೆ ಹೋಗಿಬಿಟ್ಟರು. ಇಂದು ಆ ಕೆಲವು ಸಾಲುಗಳನ್ನೇ ನಾವು ರಿಕರ್ಷನ್ ಥಿಯರಂ ಅನ್ನುವುದು.

ಅದು ಹೇಳುವುದಿಷ್ಟು. ನೀವು ಪ್ರೋಗ್ರಾಂ ಬರೆಯುವಾಗ "ನನ್ನದೇ ಪೂರ್ತಿ ಕೋಡ್ ನನ್ನ ಕೈಯಲ್ಲಿದೆ ಅಂದುಕೊಂಡು..." ಅಂತ ಧೈರ್ಯವಾಗಿ ಶುರು ಮಾಡಬಹುದು. ಆ ಕೋಡ್ ಹೊರಗಿನಿಂದ ಬರುತ್ತದೆ ಅಂತ ನಟಿಸುತ್ತಾ ಬರೆಯಿರಿ. ಹೊರಗಿನಿಂದ ಏನೂ ಬೇಡದೆಯೂ ಅದೇ ಕೆಲಸ ಮಾಡುವ ಪ್ರೋಗ್ರಾಂ ಖಂಡಿತ ಇದ್ದೇ ಇರುತ್ತದೆ. ಇದ್ದೇ ಇರುತ್ತದೆ ಅಷ್ಟೇ ಅಲ್ಲ, ಅದನ್ನು ತಯಾರಿಸುವ ವಿಧಾನವೂ ಸಾಧನೆಯೊಳಗೇ ಇದೆ. (ಕ್ಲಾಸಿನಲ್ಲಿ ಫ್ಯಾಕ್ಟೋರಿಯಲ್ ಬರೆಯುವಾಗ ಕಲಿಸುವ ರಿಕರ್ಷನ್ ಇದರ ತಮ್ಮ ಅಷ್ಟೆ. ಅಲ್ಲಿ ಫಂಕ್ಷನ್ನಿಗೆ ತನ್ನ ಹೆಸರು ಗೊತ್ತು. ಇಲ್ಲಿ ಹೆಸರಿನ ಹಂಗೂ ಇಲ್ಲ.)

ವಿಧಾನ ಹೀಗಿದೆ. ಯಂತ್ರವನ್ನು ಎರಡು ಭಾಗ ಮಾಡಿ, ಅ ಮತ್ತು ಬ. ಅ ಮೊದಲು ಓಡುತ್ತದೆ, ಆಮೇಲೆ ಬ. ಅ ಅನ್ನುವುದು ಪರಮ ಪೆದ್ದು: ತನ್ನ ಹೊಟ್ಟೆಯಲ್ಲಿರುವ ಅಕ್ಷರಗಳನ್ನು ಟೇಪಿನ ಮೇಲೆ ಬರೆದು ಸುಮ್ಮನಾಗುತ್ತದೆ. ಅದರ ಹೊಟ್ಟೆಯಲ್ಲಿ ಬ ಭಾಗದ ವಿವರಣೆಯನ್ನು ಇಡಿ. ಸರಿ, ಬ ಸಿಕ್ಕಿತು. ಈಗ ಅ-ದ ವಿವರಣೆ ಯಾರು ಬರೆಯಬೇಕು? ಎಲ್ಲರೂ ಮೊದಲು ಮಾಡುವ ತಪ್ಪು ಇಲ್ಲೇ, ನಾನೂ ಮಾಡಿದೆ: ಬ-ದ ಹೊಟ್ಟೆಯಲ್ಲಿ ಅ-ದ ವಿವರಣೆಯನ್ನು ಇಡೋಣ ಅಂತ. ಆದರೆ ಅ-ದ ಹೊಟ್ಟೆಯಲ್ಲಿ ಬ ಇದೆಯಲ್ಲ! ಅ ಬ-ಕ್ಕಿಂತ ದೊಡ್ಡದು, ಬ ಅ-ಕ್ಕಿಂತ ದೊಡ್ಡದು. ಅಳಿಯನ ಹಾಳೆ ಮತ್ತೆ ಬಂತು.

ಬಿಡುಗಡೆ ಎಲ್ಲಿದೆ ಅಂದರೆ, ಅ-ವನ್ನು ಇಟ್ಟುಕೊಳ್ಳಬೇಕಾಗಿಲ್ಲ, ಊಹಿಸಿದರೆ ಸಾಕು. ಬ ಎದ್ದಾಗ ಟೇಪಿನ ಮೇಲೆ ಏನೋ ಬರೆದಿದೆ. ಅದನ್ನು ನೋಡಿ ಬ ಕೇಳಿಕೊಳ್ಳುತ್ತದೆ: "ಇದನ್ನು ಬರೆದು ಸುಮ್ಮನಾಗುವ ಪೆದ್ದು ಯಂತ್ರ ಹೇಗಿರುತ್ತದೆ?" ಯಾವುದೇ ಪಠ್ಯ ಕೊಟ್ಟರೂ ಅದನ್ನು ಮುದ್ರಿಸುವ ಯಂತ್ರ ಕಟ್ಟುವುದು ಕಷ್ಟವೇ ಅಲ್ಲ, ಪಠ್ಯದ ಸುತ್ತ ಒಂದು print ಹಾಕಿದರಾಯಿತು. ಹಾಗೆ ಕಟ್ಟಿದ್ದೇ ಅ. ಅದನ್ನು ಟೇಪಿನ ಮೇಲಿರುವ ಬ-ದ ಮುಂದೆ ಸೇರಿಸಿ ಬರೆದರೆ ಪೂರ್ತಿ ಯಂತ್ರದ ವಿವರಣೆ ಸಿದ್ಧ. ಬರೀ ಮುದ್ರಿಸುವ ಬದಲು ಅದನ್ನು ನಿಮ್ಮ ಮೂರನೇ ಭಾಗದ ಕೈಗೆ ಕೊಟ್ಟರೆ, ಅದೇ ಕ್ಲೀನಿಯ ಪ್ರಮೇಯ. ಕ್ಲೀನಿ ಇದನ್ನು S ಅನ್ನುವ ಒಂದು ಫಂಕ್ಷನ್ನಿಂದ ಹೇಳಿದರು. ಒಂದು ಪ್ರೋಗ್ರಾಮಿನ ಖಾಲಿ ಜಾಗದಲ್ಲಿ ಒಂದು ಬೆಲೆ ತುಂಬಿಸಿ ಹೊಸ ಪ್ರೋಗ್ರಾಂ ಕೊಡುವುದು S-ನ ಕೆಲಸ. ಅವರ ಉತ್ತರ S(f, f): f ಅನ್ನುವ ಪ್ರೋಗ್ರಾಮಿನ ಖಾಲಿ ಜಾಗದಲ್ಲಿ f-ಅನ್ನೇ ತುಂಬಿಸು. ನಮ್ಮ ಕನ್ನಡ ವಾಕ್ಯದ ಮುಂದೆ ಅದೇ ವಾಕ್ಯವನ್ನು ಚಿಹ್ನೆಯೊಳಗಿಟ್ಟು ಕೂರಿಸಿದ ಹಾಗೆ.

ಹತ್ತು ವರ್ಷದ ನಂತರ ಇದೇ ಯೋಚನೆ ಲೋಹದ ಯಂತ್ರಗಳ ಕಡೆ ತಿರುಗಿತು. 1948ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ನಡೆದ ಹಿಕ್ಸನ್ ವಿಚಾರ ಸಂಕಿರಣದಲ್ಲಿ ಜಾನ್ ಫಾನ್ ನಾಯ್ಮನ್ ಕೇಳಿದ ಪ್ರಶ್ನೆ: ಒಂದು ಯಂತ್ರ ತನ್ನಂಥದೇ ಇನ್ನೊಂದನ್ನು ಕಟ್ಟಬಲ್ಲದೇ? ಅವರ ಉತ್ತರವನ್ನು ನಾನು ಜೆ.ಪಿ. ನಗರಕ್ಕೆ ತಂದು ಹೇಳುತ್ತೇನೆ. ನಿಮಗೆ ಒಬ್ಬ ಮೇಸ್ತ್ರಿ ಬೇಕು, ಕೊಟ್ಟ ಪ್ಲಾನನ್ನು ಓದಿ ಅದರಲ್ಲಿರುವುದನ್ನು ಕಟ್ಟುವವನು. ಒಂದು ಜೆರಾಕ್ಸ್ ಅಂಗಡಿ ಬೇಕು, ಪ್ಲಾನಿನಲ್ಲಿ ಏನಿದೆ ಅಂತ ನೋಡದೆ ಪ್ರತಿ ತೆಗೆಯುವುದು. ಇಬ್ಬರನ್ನೂ ಸರದಿಯಂತೆ ನಡೆಸುವ ಮೇಲ್ವಿಚಾರಕ ಬೇಕು. ಈಗ ಮೇಸ್ತ್ರಿ, ಜೆರಾಕ್ಸ್, ಮೇಲ್ವಿಚಾರಕ ಮೂವರನ್ನೂ ಸೇರಿಸಿದ ವ್ಯವಸ್ಥೆಗೆ ಒಂದು ಪ್ಲಾನ್ ಬರೆಯಿರಿ. ಗಮನಿಸಿ, ಆ ಪ್ಲಾನಿನಲ್ಲಿ ಪ್ಲಾನಿನ ಚಿತ್ರ ಇಲ್ಲ! ಮೇಸ್ತ್ರಿ ಅದನ್ನು ಓದಿ ಮೂವರನ್ನೂ ಕಟ್ಟುತ್ತಾನೆ, ಜೆರಾಕ್ಸಿನವನು ಅದೇ ಹಾಳೆಯ ಪ್ರತಿ ತೆಗೆಯುತ್ತಾನೆ, ಮೇಲ್ವಿಚಾರಕ ಆ ಪ್ರತಿಯನ್ನು ಹೊಸದರ ಕೈಗೆ ಕೊಡುತ್ತಾನೆ. ಹೊಸದು ಹಳೆಯದರ ಹಾಗೆಯೇ ಇದೆ, ಪ್ಲಾನಿನ ಸಮೇತ. ಒಂದೇ ಹಾಳೆ ಎರಡು ಸಲ ಬಳಕೆಯಾಯಿತು: ಒಂದು ಸಲ ಅರ್ಥವಾಗಿ, ಇನ್ನೊಂದು ಸಲ ಬರೀ ಗೀಚಾಗಿ. ವಾಟ್ಸನ್ ಮತ್ತು ಕ್ರಿಕ್ ಡಿಎನ್ಎ ರಚನೆಯನ್ನು ಪ್ರಕಟಿಸಿದ್ದು 1953ರಲ್ಲಿ. ಜೀವಕೋಶವೂ ಹೀಗೇ, ಪ್ರೋಟೀನ್ ಕಟ್ಟುವಾಗ ಡಿಎನ್ಎಯ ಮಾಹಿತಿ ಓದಲ್ಪಡುತ್ತದೆ, ಕೋಶ ಒಡೆಯುವ ಮುಂಚೆ ಅದೇ ಡಿಎನ್ಎ ಪ್ರತಿಯಾಗುತ್ತದೆ. ಫಾನ್ ನಾಯ್ಮನ್ ಅದಕ್ಕೆ ಐದು ವರ್ಷ ಮೊದಲೇ, ಬರೀ ತರ್ಕದಿಂದ, ಹೀಗೇ ಇರಬೇಕು ಅಂದಿದ್ದರು. ನನಗೆ ಇಡೀ ಕಥೆಯಲ್ಲಿ ಮೈ ಜುಮ್ಮೆನ್ನುವ ಜಾಗ ಇದು.

ಇದಾದ ಮೇಲೂ ನಿಜವಾದ ಒಂದು ಟ್ಯೂರಿಂಗ್ ಯಂತ್ರವನ್ನು, ಸ್ಥಿತಿ ಸ್ಥಿತಿಯಾಗಿ ಬರೆದು, ತನ್ನ ವಿವರಣೆಯನ್ನು ತಾನೇ ಮುದ್ರಿಸುವಂತೆ ಮಾಡಿ ತೋರಿಸುವ ಕೆಲಸ ಬಾಕಿ ಇತ್ತು. ಅದನ್ನು ಸಿ. ವೈ. ಲೀ ಮತ್ತು ಜೇಮ್ಸ್ ಥ್ಯಾಚರ್ ಬೇರೆ ಬೇರೆಯಾಗಿ ಮಾಡಿ, 1962ರಲ್ಲಿ ನ್ಯೂಯಾರ್ಕಿನ ಒಂದೇ ಸಮ್ಮೇಳನದಲ್ಲಿ ಮಂಡಿಸಿದರು. 1972ರಲ್ಲಿ ಪಾಲ್ ಬ್ರ್ಯಾಟ್ಲಿ ಮತ್ತು ಜಾನ್ ಮಿಲೋ ಬಳಕೆಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದ ಇಂಥ ಪ್ರೋಗ್ರಾಮುಗಳನ್ನು ಒಂದು ಪತ್ರಿಕೆಯಲ್ಲಿ ಒಗಟಿನ ಅಂಕಣದ ಹಾಗೆ ಪ್ರಕಟಿಸಿದರು. ಅಲ್ಲಿಂದ ಅದು ನಮ್ಮಂಥವರ ಆಟದ ಸಾಮಾನಾಯಿತು.

ಸರಿ, ನಾನೂ ಆಡಿದೆ. ಪೈಥಾನಿನಲ್ಲಿ ಎರಡು ಸಾಲು ಸಾಕು:

```
s = 's = %r\nprint(s %% s)'
print(s % s)
```

ಮೊದಲ ಸಾಲು ಪೆದ್ದು ಅ, ಎರಡನೆಯದು ಬ. %r ಅನ್ನುವುದು ಖಾಲಿ ಜಾಗ. ಅಲ್ಲಿ ಬರುವ ಪಠ್ಯಕ್ಕೆ ಪೈಥಾನೇ ಉದ್ಧರಣ ಚಿಹ್ನೆ ಹಾಕಿಕೊಡುತ್ತದೆ. ಇನ್ನು s % s? s-ನ ಖಾಲಿ ಜಾಗದಲ್ಲಿ s-ಅನ್ನೇ ತುಂಬಿಸು. ಕ್ಲೀನಿಯ S(f, f) ಎಂಬತ್ತಕ್ಕೂ ಹೆಚ್ಚು ವರ್ಷ ದಾಟಿ ಬಿ.ಟಿ.ಎಂ. ಲೇಔಟಿನ ಗೆಳೆಯನ ರೂಮಿನಲ್ಲಿ, ನನ್ನ ಪರದೆಯ ಮೇಲೆ ಕೂತಿತ್ತು! (ಫೈಲನ್ನು ತೆರೆದು ತನ್ನನ್ನೇ ಓದಿ ಮುದ್ರಿಸುವುದು ಆಟದಲ್ಲಿ ಮೋಸ. ಅದು "ಈ ವಾಕ್ಯವನ್ನು ಬರೆ" ಅಂದ ಹಾಗೆ.)

ಕನ್ನಡವಿಲ್ಲದೆ ಹೇಗೆ ಅಂತ ತಲೆಯ ಮೇಲೆ ಒಂದು ಕನ್ನಡ ಕಾಮೆಂಟ್ ಸೇರಿಸಿದೆ:

```
# ಸಾಫ್ಟ್‌ವೇರ್
s = '# ಸಾಫ್ಟ್‌ವೇರ್\ns = %r\nprint(s %% s)'
print(s % s)
```

ಓಡಿಸಿ ಹೋಲಿಸಿ ನೋಡಿದೆ:

```
python3 a.py > b.py
cmp a.py b.py
```

ಎರಡನೇ ಸಾಲಿನಲ್ಲಿ ವ್ಯತ್ಯಾಸ ಅಂತ ಬಂತು. ಫೈಲ್ 3 ಬೈಟ್ ಉದ್ದವಾಗಿದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. "ಸಾಫ್ಟ್" ಮತ್ತು "ವೇರ್" ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ, ಯೂನಿಕೋಡಿನ U+200C. ಅದಿಲ್ಲದಿದ್ದರೆ ಟ್ ಕೆಳಗೆ ವ ಒತ್ತಾಗಿ ಹೋಗುತ್ತದೆ. ಕನ್ನಡ ಟೈಪ್ ಮಾಡುವ ಎಲ್ಲರಿಗೂ ಇದರ ಕಾಟ ಗೊತ್ತು. ಪೈಥಾನಿನ %r ಮಾಮೂಲಿ ಕನ್ನಡ ಅಕ್ಷರಗಳನ್ನು ಹಾಗೇ ಬಿಡುತ್ತದೆ, ಆದರೆ ಕಾಣದ ಈ ಅಕ್ಷರವನ್ನು \u200c ಅಂತ ಬಿಡಿಸಿ ಬರೆಯುತ್ತದೆ. UTF-8ನಲ್ಲಿ ಆ ಅಕ್ಷರಕ್ಕೆ 3 ಬೈಟು, ಬಿಡಿಸಿ ಬರೆದರೆ 6. ಲೆಕ್ಕ ಸರಿಹೋಯಿತು. (ಪೈಥಾನ್ 2ರಲ್ಲಿ ಎನ್‌ಕೋಡಿಂಗ್ ಸಾಲು ಹಾಕಿ ಇದನ್ನೇ ಮಾಡಿದ್ದರೆ ಇಡೀ ಕನ್ನಡವೇ \xe0\xb2 ಅಂತ ಹರಿದು ಹೋಗುತ್ತಿತ್ತು, ಪುಣ್ಯ.)

ಇನ್ನೂ ಮಜ ಮುಂದಿದೆ. ಹೇಗೂ ಕೆಟ್ಟಿದೆ ಅಂತ b.py-ಯನ್ನೇ ಓಡಿಸಿ c.py ಮಾಡಿದೆ. ಅವೆರಡೂ ಒಂದೇ! \u200c ಅಂತ ಬರೆದರೂ, ಕಾಣದ ಅಕ್ಷರವನ್ನೇ ಇಟ್ಟರೂ s-ನ ಬೆಲೆ ಒಂದೇ ತಾನೆ, ಹಾಗಾಗಿ ಇಬ್ಬರೂ ಮುದ್ರಿಸುವುದು ಒಂದನ್ನೇ. ನಾನು ಬರೆದದ್ದು ತನ್ನನ್ನು ಮುದ್ರಿಸಿಕೊಳ್ಳಲಿಲ್ಲ, ಅದರ ಮಗು ಮುದ್ರಿಸಿಕೊಂಡಿತು.

ಇಷ್ಟೆಲ್ಲ ಆದ ಮೇಲೆ ಒಂದು ಮಿತಿಯನ್ನೂ ಹೇಳಬೇಕು. ತನ್ನ ವಿವರಣೆ ಪೂರ್ತಿ ಕೈಯಲ್ಲಿದ್ದ ಮಾತ್ರಕ್ಕೆ ಯಂತ್ರಕ್ಕೆ ತಾನು ಏನು ಮಾಡುತ್ತೇನೆ ಅಂತ ತಿಳಿದುಬಿಡುವುದಿಲ್ಲ. ಯಾವುದೇ ಪ್ರೋಗ್ರಾಂ ನಿಲ್ಲುತ್ತದೋ ಇಲ್ಲವೋ ಅಂತ ತಪ್ಪದೆ ಹೇಳುವ ಜೋಯಿಸ ಪ್ರೋಗ್ರಾಂ ಒಂದಿದೆ ಅಂದುಕೊಳ್ಳಿ. ನಾನು ಒಂದು ತರಲೆ ಪ್ರೋಗ್ರಾಂ ಬರೆಯುತ್ತೇನೆ: ತನ್ನ ವಿವರಣೆಯನ್ನು ಪಡೆದುಕೋ, ಅದನ್ನು ಜೋಯಿಸನಿಗೆ ತೋರಿಸು, "ನಿಲ್ಲುತ್ತದೆ" ಅಂದರೆ ಓಡುತ್ತಲೇ ಇರು, "ನಿಲ್ಲಲ್ಲ" ಅಂದರೆ ನಿಂತುಬಿಡು. ಜೋಯಿಸ ಏನು ಹೇಳಿದರೂ ಸುಳ್ಳಾಯಿತು, ಹಾಗಾದರೆ ಅಂಥ ಜೋಯಿಸ ಇರಲಾರ. ಕ್ಲೀನಿಯ ಪ್ರಮೇಯ ಕೈಯಲ್ಲಿದ್ದರೆ ಟ್ಯೂರಿಂಗ್‌ನ ಆ ಪ್ರಸಿದ್ಧ ಫಲಿತಾಂಶಕ್ಕೆ ಇಷ್ಟೇ ಸಾಧನೆ ಸಾಕು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇದಲ್ಲ, 1984ರಲ್ಲಿ ಅಚ್ಚಾದ ಇನ್ನೊಂದು ಭಾಷಣ. ಯೂನಿಕ್ಸ್ ಬರೆದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1983ರ ಟ್ಯೂರಿಂಗ್ ಪ್ರಶಸ್ತಿ ಭಾಷಣವನ್ನು ಶುರು ಮಾಡಿದ್ದೇ ತನ್ನನ್ನು ಮುದ್ರಿಸಿಕೊಳ್ಳುವ ಪ್ರೋಗ್ರಾಮಿನಿಂದ. ಆಮೇಲೆ ಹೇಳಿದರು: ಸಿ ಕಂಪೈಲರ್ ಒಳಗೆ ಒಂದು ಕಳ್ಳಗಿಂಡಿ ಇಡೋಣ. ಅದು login ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಗುರುತು ಹಿಡಿದು, ನನಗೆ ಮಾತ್ರ ಗೊತ್ತಿರುವ ಪಾಸ್‌ವರ್ಡಿಗೂ ಬಾಗಿಲು ತೆರೆಯುವಂತೆ ಮಾಡಲಿ. ಆದರೆ ಕಂಪೈಲರಿನ ಸೋರ್ಸ್ ಓದಿದವರಿಗೆ ಸಿಕ್ಕಿಬೀಳುತ್ತೇನಲ್ಲ? ಅದಕ್ಕೇ ಎರಡನೇ ಗಿಂಡಿ: ಕಂಪೈಲರ್ ತನ್ನನ್ನೇ ಕಂಪೈಲ್ ಮಾಡುತ್ತಿದ್ದೇನೆ ಅಂತ ಗುರುತಿಸಿದಾಗ ಎರಡೂ ಗಿಂಡಿಗಳನ್ನು ಹೊಸ ಕಂಪೈಲರಿಗೆ ಸೇರಿಸಲಿ. ಎರಡನೇ ಗಿಂಡಿ ತನ್ನನ್ನೂ ಸೇರಿಸಬೇಕಾದರೆ ತನ್ನ ಪೂರ್ತಿ ಪಠ್ಯ ತನ್ನ ಹತ್ತಿರ ಇರಬೇಕು, ಇಲ್ಲಿ ಬೇಕಾಗುವುದೇ ಕ್ವೈನ್. ಒಂದು ಸಲ ಕಂಪೈಲ್ ಮಾಡಿ, ಸೋರ್ಸಿನಿಂದ ಎರಡನ್ನೂ ಅಳಿಸಿಬಿಡಿ. ಇನ್ನು ಮುಂದೆ ಶುದ್ಧ ಸೋರ್ಸಿನಿಂದ ಎಷ್ಟು ಸಲ ಕಟ್ಟಿದರೂ ಗಿಂಡಿ ತಲೆಮಾರಿನಿಂದ ತಲೆಮಾರಿಗೆ ಹೋಗುತ್ತಲೇ ಇರುತ್ತದೆ, ಯಾವ ಹಾಳೆಯಲ್ಲೂ ಬರೆಯದೆ. ಥಾಂಪ್ಸನ್ ಬರೆದ ಆ ಕೋಡ್ ಹೇಗಿತ್ತು ಅಂತ ಹೊರಗೆ ಬಂದಿದ್ದು 2023ರಲ್ಲಿ, ರಸ್ ಕಾಕ್ಸ್ ಅವರಿಂದಲೇ ಕೇಳಿ ಪಡೆದು ವಿವರಣೆಯೊಂದಿಗೆ ಪ್ರಕಟಿಸಿದಾಗ.

ಆಫೀಸಿನಲ್ಲಿ ನನ್ನ ದಿನದ ಅರ್ಧ ಹೋಗುವುದೇ ಬೇರೆಯವರ ಕೋಡ್ ಓದಿ "ಸರಿಯಿದೆ" ಅಂತ ಒತ್ತುವುದರಲ್ಲಿ. ಓದಿದ್ದೇನೆ, ಹಾಗಾಗಿ ಗೊತ್ತು ಅನ್ನುವ ನಂಬಿಕೆಯ ಮೇಲೆ ನನ್ನ ಸಂಬಳ ನಿಂತಿದೆ. ಥಾಂಪ್ಸನ್ ಆ ನಂಬಿಕೆಯ ಬುಡಕ್ಕೇ ಕೈ ಹಾಕಿದರು.

ಪರಿಹಾರವೇ ಇಲ್ಲವೇ ಅಂದರೆ, ಪೂರ್ತಿ ಇಲ್ಲ ಅಂತಿಲ್ಲ. ಡೇವಿಡ್ ವೀಲರ್ 2005ರಲ್ಲಿ ಒಂದು ಪರೀಕ್ಷೆಯನ್ನು ವಿವರವಾಗಿ ಬರೆದರು, 2009ರಲ್ಲಿ ಅದರ ಮೇಲೆ ಪಿಎಚ್‌ಡಿ ಪ್ರಬಂಧವನ್ನೂ. ಅನುಮಾನದ ಕಂಪೈಲರಿನ ಸೋರ್ಸನ್ನು ಸಂಬಂಧವೇ ಇಲ್ಲದ ಬೇರೊಂದು ಕಂಪೈಲರಿನಲ್ಲಿ ಕಟ್ಟಿ. ಬಂದ ಕಂಪೈಲರಿನಿಂದ ಅದೇ ಸೋರ್ಸನ್ನು ಇನ್ನೊಮ್ಮೆ ಕಟ್ಟಿ. ಈ ಎರಡನೆಯದನ್ನು ಅನುಮಾನದ ಕಂಪೈಲರ್ ತನ್ನನ್ನು ತಾನೇ ಕಟ್ಟಿಕೊಂಡ ಫೈಲಿನ ಜೊತೆ ಬಿಟ್ ಬಿಟ್ಟಾಗಿ ಹೋಲಿಸಿ. ಒಂದೇ ಆಗಿದ್ದರೆ ಫೈಲಿನಲ್ಲಿ ಸೋರ್ಸಿನಲ್ಲಿ ಇಲ್ಲದ್ದು ಏನೂ ಇಲ್ಲ. ಬೇರೊಂದು ಕಂಪೈಲರ್ ಸಂಪೂರ್ಣ ಶುದ್ಧವಾಗಿರಬೇಕಿಲ್ಲ, ಅದರಲ್ಲಿ ಇದೇ ಗಿಂಡಿ ಇಲ್ಲದಿದ್ದರೆ ಸಾಕು. ಆದರೆ ಒಂದು ಷರತ್ತು: ಅದೇ ಸೋರ್ಸಿನಿಂದ ಪ್ರತಿ ಸಲವೂ ಅದೇ ಬಿಟ್‌ಗಳು ಬರಬೇಕು. ಫೈಲಿನೊಳಗೆ ಕಟ್ಟಿದ ದಿನಾಂಕ, ಸಮಯ ಸೇರಿಕೊಂಡಿದ್ದರೆ ಹೋಲಿಕೆ ಅಲ್ಲೇ ಮುರಿದು ಬೀಳುತ್ತದೆ, ನನ್ನ 3 ಬೈಟಿನ ಹಾಗೆ. ವ್ಯತ್ಯಾಸ ಬಂದ ಮಾತ್ರಕ್ಕೆ ಕಳ್ಳತನ ಅಂತಲ್ಲ, ಕೂತು ಒಂದೊಂದಾಗಿ ಕಾರಣ ಹುಡುಕಬೇಕು.

ಮೊನ್ನೆ ಮತ್ತೆ ಜೆ.ಪಿ. ನಗರಕ್ಕೆ ಹೋದಾಗ ಅಳಿಯನಿಗೆ "ಹಾಳೆಯಲ್ಲಿ ಹಾಳೆಯ ಚಿತ್ರ ಬೇಡ ಕಣೋ, ಜೆರಾಕ್ಸ್ ಅಂಗಡಿಯ ಚಿತ್ರ ಇದ್ದರೆ ಸಾಕು" ಅಂದೆ. ಅವನು ಒಂದು ನಿಮಿಷ ಯೋಚನೆ ಮಾಡಿ, "ಆ ಅಂಗಡಿಯವ್ನು ಪ್ರತಿ ತೆಗೀವಾಗ ಸುಮ್ನೆ ಇನ್ನೊಂದು ಗೀಟು ಹಾಕ್ಬಿಟ್ರೆ?" ಅಂದ. ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು.